ನಾಟಿ ಕೋಳಿಗಳ ಸಿಡುಬು ಮತ್ತು ಮಾರೆಕ್ ರೋಗ: ಎರಡು ಬೇನೆಗಳಿಗೆ ಒಂದೇ ಹೆಸರಿಡುವುದರಿಂದ ಆಗುವ ನಷ್ಟ

ಹಳೆಯ ಮೈಸೂರು ಸೀಮೆಯ ಹಳ್ಳಿಗಳಲ್ಲಿ ಕೋಳಿಗಳಿಗೆ ಬೇನೆ ತಗಲಿದಾಗ ಅದಕ್ಕೆ ಹೆಸರಿಡುವ ಕ್ರಮವು ಬಹಳ ಸರಳವಾದುದು. ಒಂದೆರಡು ದಿನಗಳಲ್ಲಿ ಗೂಡೇ ಬರಿದಾದರೆ ಅದು ಕೊಕ್ಕರೆ ರೋಗವೆಂದೂ, ಜುಟ್ಟಿನ ಮೇಲೆ ಗುಳ್ಳೆಗಳೆದ್ದರೆ ಅಮ್ಮನೆಂದೂ, ಮಿಕ್ಕದ್ದೆಲ್ಲವೂ ದೃಷ್ಟಿಯೆಂದೂ ಹೇಳುವುದು ವಾಡಿಕೆ. ಗೂಡಿನಲ್ಲಿ ಒಂದೇ ಕಾಲದಲ್ಲಿ ಕೆಲವು ಕೋಳಿಗಳಿಗೆ ಗುಳ್ಳೆಗಳೂ ಮತ್ತೆ ಕೆಲವಕ್ಕೆ ಕಾಲು ಬೀಳುವುದೂ ಕಂಡುಬಂದರೆ, ಎರಡನ್ನೂ ಸೇರಿಸಿ 'ಅಮ್ಮ ಬಂದು ಕಾಲಿಗೆ ಇಳಿದಳು' ಎಂದು ತೀರ್ಮಾನಿಸಿ, ಬೇವು ಅರಿಸಿನಗಳನ್ನು ಹಚ್ಚಿ, ಉಳಿದ ಕೋಳಿಗಳನ್ನು ಮುಂದಿನ ಸಂತೆಗೆ ಸಾಗಿಸಿಬಿಡುತ್ತಾರೆ.

ಈ ತೀರ್ಮಾನದಲ್ಲಿ ತಪ್ಪಿರುವುದು ಹೆಸರಿನಲ್ಲಿ ಮಾತ್ರವಾಗಿದ್ದರೆ ಅದನ್ನು ಇಲ್ಲಿ ಚರ್ಚಿಸಬೇಕಾದ ಕಾರಣವಿರಲಿಲ್ಲ. ಆದರೆ ಗುಳ್ಳೆಗಳ ಬೇನೆಯಾದ ಸಿಡುಬು ಬೇರೆ, ಕಾಲು ಬೀಳಿಸುವ ಮಾರೆಕ್ ರೋಗವು ಬೇರೆ. ಮೊದಲನೆಯದಕ್ಕೆ ರೋಗವು ಗೂಡಿಗೆ ಬಂದ ಮೇಲೂ ಚುಚ್ಚುಮದ್ದಿನಿಂದ ಉಪಯೋಗವುಂಟು. ಎರಡನೆಯದಕ್ಕೆ ಮರಿಯು ಮೊಟ್ಟೆಯಿಂದ ಹೊರಬಂದ ದಿನ ತಪ್ಪಿದರೆ ಚುಚ್ಚುಮದ್ದಿನ ಕಾಲವೇ ತಪ್ಪಿತೆನ್ನಬಹುದು. ಮೊದಲನೆಯದು ಸೊಳ್ಳೆಯ ಮೂಲಕವೂ ಗಾಯದ ಮೂಲಕವೂ ಹರಡುತ್ತದೆ. ಎರಡನೆಯದು ಗರಿಯ ಹೊಟ್ಟಿನ ಮೂಲಕ ಹರಡುತ್ತದೆ. ಆದಕಾರಣ ಎರಡನ್ನೂ ಒಂದೆಂದು ತಿಳಿದ ಮನೆಯವರು ಮದ್ದಿನಿಂದ ಉಳಿಯಬಹುದಾದ ಕೋಳಿಗಳಿಗೆ ಮದ್ದು ಹಾಕಿಸುವುದಿಲ್ಲ. ದೂರವಿರಿಸುವುದರಿಂದ ಮಾತ್ರ ಉಳಿಯಬಹುದಾದ ಮರಿಗಳನ್ನು ದೂರವಿರಿಸುವುದೂ ಇಲ್ಲ. ನಾಟಿ ಕೋಳಿಗಳ ಮಟ್ಟಿಗೆ ಸಿಡುಬಿಗೆ ಸೂಜಿ, ಮಾರೆಕ್ ರೋಗಕ್ಕೆ ದೂರ ಎಂಬುದೇ ಸರಿಯಾದ ನೀತಿಯೆಂದು ತೋರಿಸುವುದು ಈ ಲೇಖನದ ಉದ್ದೇಶ.

ಎರಡು ರೋಗಗಳ ಸ್ವಭಾವ

ಕೋಳಿ ಸಿಡುಬು ಒಂದು ಜಾತಿಯ ವೈರಸ್ಸಿನಿಂದ ಉಂಟಾಗುತ್ತದೆ. ಈ ವೈರಸ್ಸು ಒಡೆಯದ ಚರ್ಮವನ್ನು ಭೇದಿಸಲಾರದು. ಅದಕ್ಕೆ ಒಂದು ಗಾಯ ಬೇಕು. ಹುಂಜಗಳ ಜಗಳದ ಗಾಯ, ಮುಳ್ಳು ತರಚಿದ ಗಾಯ ಅಥವಾ ಸೊಳ್ಳೆ ಕಚ್ಚಿದ ತೂತು, ಯಾವುದಾದರೂ ಸಾಕಾಗುತ್ತದೆ. ಸೊಳ್ಳೆಯು ಒಂದು ಕೋಳಿಯ ಗುಳ್ಳೆಯಿಂದ ವೈರಸ್ಸನ್ನು ತನ್ನ ಸೊಂಡಿಲಿಗೆ ಅಂಟಿಸಿಕೊಂಡು ಮತ್ತೊಂದಕ್ಕೆ ಚುಚ್ಚುತ್ತದೆ. ಆದುದರಿಂದಲೇ ಮಳೆ ಹಿಡಿದು ಸೊಳ್ಳೆ ಹೆಚ್ಚಾದ ತಿಂಗಳುಗಳಲ್ಲಿ ಈ ರೋಗವು ಹೆಚ್ಚು. ವೈರಸ್ಸು ಸೇರಿದ ಸುಮಾರು 4ರಿಂದ 10 ದಿನಗಳಲ್ಲಿ ಜುಟ್ಟು, ಗಂಟಲಡಿಯ ಜೋಲು, ರೆಪ್ಪೆ ಮತ್ತು ಕೊಕ್ಕಿನ ಮೂಲೆಗಳಲ್ಲಿ ಸಣ್ಣ ಗುಳ್ಳೆಗಳೆದ್ದು, ಹಳದಿಯಾಗಿ, ಬಳಿಕ ಕಂದು ಕಪ್ಪು ಬಣ್ಣದ ಹಕ್ಕಳೆಗಳಾಗಿ ಗಟ್ಟಿಯಾಗುತ್ತವೆ. ಮೂರು ನಾಲ್ಕು ವಾರಗಳಲ್ಲಿ ಹಕ್ಕಳೆಗಳು ಉದುರಿ ಕೋಳಿಯು ಗುಣವಾಗುವುದೇ ಹೆಚ್ಚು. ಗುಣವಾದ ಕೋಳಿಗೆ ಅದೇ ರೋಗವು ಮತ್ತೆ ತಗಲುವುದು ಅಪರೂಪ. ಆದರೆ ಉದುರಿದ ಹಕ್ಕಳೆಯೊಳಗೆ ವೈರಸ್ಸು ತಿಂಗಳುಗಟ್ಟಲೆ ಜೀವವಿಟ್ಟುಕೊಂಡಿರುತ್ತದೆ.

ಇದೇ ರೋಗದ ಕೆಟ್ಟ ರೂಪವೊಂದುಂಟು. ಅದರಲ್ಲಿ ಬಾಯಿ, ನಾಲಿಗೆ ಮತ್ತು ಗಂಟಲಿನೊಳಗೆ ಬಿಳಿ ಹಳದಿ ಪೊರೆಯು ಕಟ್ಟಿ, ಕೋಳಿಯು ನುಂಗಲಾರದೆ, ಕಡೆಗೆ ಉಸಿರಾಡಲಾರದೆ ಸಾಯುತ್ತದೆ. ಸಿಡುಬಿನಿಂದ ಸಾಯುವ ಕೋಳಿಗಳಲ್ಲಿ ಬಹು ಭಾಗವು ಹೀಗೆ ಉಸಿರು ಕಟ್ಟಿದವು, ಇಲ್ಲವೆ ಎರಡು ಕಣ್ಣುಗಳೂ ಹಕ್ಕಳೆಯಿಂದ ಮುಚ್ಚಿಹೋಗಿ ಕಾಳು ಕಾಣದೆ ಹಸಿದು ಸತ್ತವು.

ಮಾರೆಕ್ ರೋಗಕ್ಕೆ ಆ ಹೆಸರು ಬಂದದ್ದು ಹಂಗೇರಿ ದೇಶದ ಪಶುವೈದ್ಯರಾದ ಯೋಜೆಫ್ ಮಾರೆಕ್ ಎಂಬುವರಿಂದ. ಅವರು 1907ರಲ್ಲಿ ಕಾಲು ಬಿದ್ದ ನಾಲ್ಕು ಹುಂಜಗಳನ್ನು ಪರೀಕ್ಷಿಸಿ, ಅವುಗಳ ನರಗಳು ದಪ್ಪನಾಗಿದ್ದುದನ್ನು ಬರೆದಿಟ್ಟರು. ಇದಕ್ಕೆ ಕಾರಣವು ಹರ್ಪಿಸ್ ಜಾತಿಯ ವೈರಸ್ಸೆಂಬುದು 1967ರಲ್ಲಿ ಗೊತ್ತಾಯಿತು. ಈ ವೈರಸ್ಸು ಕೋಳಿಯ ಗರಿಗಳ ಬುಡದಲ್ಲಿ ಬಲಿತು, ಅಲ್ಲಿಂದ ಉದುರುವ ಸಣ್ಣ ಹೊಟ್ಟಿನೊಡನೆ ಗಾಳಿಗೆ ಸೇರುತ್ತದೆ. ಆ ಹೊಟ್ಟನ್ನು ಉಸಿರಿನೊಡನೆ ಎಳೆದುಕೊಂಡ ಮರಿಯು ಎರಡು ಮೂರು ವಾರಗಳಲ್ಲಿ ತಾನೂ ಅದನ್ನು ಉದುರಿಸಲಾರಂಭಿಸಿ, ಜೀವವಿರುವವರೆಗೂ ಉದುರಿಸುತ್ತಿರುತ್ತದೆ. ಹೊರನೋಟಕ್ಕೆ ಪೂರ್ಣ ಆರೋಗ್ಯದಿಂದ ಕಾಣುವ ಹೇಂಟೆಯೂ ಹಾಗೆ ಉದುರಿಸುತ್ತಿರಬಹುದು. ಗೂಡಿನ ಧೂಳಿನಲ್ಲಿ ಈ ವೈರಸ್ಸು ತಿಂಗಳುಗಟ್ಟಲೆ ಉಳಿಯುತ್ತದೆ. ಆದರೆ ಇದು ಮೊಟ್ಟೆಯ ಮೂಲಕ ತಾಯಿಯಿಂದ ಮರಿಗೆ ಬರುವುದಿಲ್ಲ. ಈ ಒಂದು ಸಂಗತಿಯನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ಹೇಳುವ ಉಪಾಯಗಳು ಅದರ ಮೇಲೆಯೇ ನಿಂತಿವೆ.

ಮರಿಯಾಗಿದ್ದಾಗ ಸೇರಿದ ವೈರಸ್ಸು ಕೂಡಲೆ ಕಾಣಿಸಿಕೊಳ್ಳುವುದಿಲ್ಲ. ಸಾಮಾನ್ಯವಾಗಿ ಮೂರರಿಂದ ಆರು ತಿಂಗಳ ವಯಸ್ಸಿನಲ್ಲಿ, ಎಂದರೆ ಹೇಂಟೆಯು ಮೊದಲ ಮೊಟ್ಟೆಗೆ ಸಿದ್ಧವಾಗುವ ಹೊತ್ತಿಗೆ, ಅದು ನರಗಳಿಗೆ ಇಳಿದು ಕಾಲು ರೆಕ್ಕೆಗಳನ್ನು ಬೀಳಿಸುತ್ತದೆ, ಅಥವಾ ಈಲಿ, ಗುಲ್ಮ ಮೊದಲಾದ ಒಳ ಅಂಗಗಳಲ್ಲಿ ಗಂಟುಗಳನ್ನೆಬ್ಬಿಸುತ್ತದೆ. ಸಾವುಗಳು ಒಮ್ಮೆಗೇ ಆಗುವುದಿಲ್ಲ. ಈ ವಾರ ಒಂದು, ಹದಿನೈದು ದಿನ ಬಿಟ್ಟು ಮತ್ತೊಂದು, ಹೀಗೆ ಜಾರಿಹೋಗುತ್ತವೆ. ಗೂಡು ಒಂದೇ ದಿನ ಬರಿದಾಗದ ಕಾರಣ ಇದನ್ನು ಯಾರೂ ಸಾಂಕ್ರಾಮಿಕವೆಂದು ಎಣಿಸುವುದಿಲ್ಲ; ಒಂದೊಂದು ಸಾವಿಗೂ ಒಂದೊಂದು ಕಾರಣವನ್ನು ಹುಡುಕಿಕೊಳ್ಳುತ್ತಾರೆ. ಐದು ತಿಂಗಳ ಕಾಳು ತಿಂದು, ಹದ್ದು ಮುಂಗುಸಿಗಳಿಂದ ತಪ್ಪಿಸಿಕೊಂಡು, ಮೊಟ್ಟೆಯಿಡಲಿದ್ದ ಹೇಂಟೆಯೇ ಹೋಗುವುದರಿಂದ ಸಾವುಗಳ ಸಂಖ್ಯೆ ಕಡಮೆಯಿದ್ದರೂ ನಷ್ಟವು ದೊಡ್ಡದು.

ಗುರುತಿಸುವುದು ಹೇಗೆ?

ಚರ್ಮ, ಕಣ್ಣು, ನಡಿಗೆ ಎಂಬ ಮೂರು ಸ್ಥಾನಗಳನ್ನು ಇದೇ ಕ್ರಮದಲ್ಲಿ ನೋಡಿದರೆ ಬಹುಮಟ್ಟಿಗೆ ಸಂದೇಹವು ತೀರುತ್ತದೆ.

ಮೊದಲು ಚರ್ಮ. ಸಿಡುಬಿನ ಗುಳ್ಳೆಯು ಗರಿಯಿಲ್ಲದ ಜಾಗವನ್ನು ಆರಿಸಿಕೊಳ್ಳುತ್ತದೆ. ಜುಟ್ಟು, ಜೋಲು, ಮುಖ, ಕೆಲವು ವೇಳೆ ಕಾಲು ಮತ್ತು ಬೆರಳು, ಇವೇ ಅದರ ತಾವುಗಳು. ಅದರ ಮೇಲ್ಭಾಗವು ಒರಟಾಗಿಯೂ ಹಕ್ಕಳೆ ಕಟ್ಟಿಯೂ ಇರುತ್ತದೆ. ಕಿತ್ತರೆ ರಕ್ತವು ಜಿನುಗುತ್ತದೆ. ಮಾರೆಕ್ ರೋಗದಲ್ಲಿಯೂ ಕೆಲವು ಕೋಳಿಗಳ ಚರ್ಮದಲ್ಲಿ ಗಂಟುಗಳೇಳುವುದುಂಟು. ಆದರೆ ಅವು ಏಳುವುದು ಗರಿಯ ಬುಡದಲ್ಲಿ. ತೊಡೆ, ಬೆನ್ನು, ಕತ್ತುಗಳ ಗರಿಯನ್ನು ಬಿಡಿಸಿ ನೋಡಿದರೆ ಅಥವಾ ಕೊಯ್ದ ಕೋಳಿಯ ಗರಿ ಕಿತ್ತ ಮೇಲೆ ಗರಿಗುಳಿಗಳು ಊದಿ ಗಂಟುಗಂಟಾಗಿರುವುದು ಕಾಣುತ್ತದೆ. ಬೋಳು ಜಾಗದಲ್ಲಿದ್ದರೆ ಸಿಡುಬು, ಗರಿಯ ಬುಡದಲ್ಲಿದ್ದರೆ ಮಾರೆಕ್ ಎಂದು ಇಟ್ಟುಕೊಂಡರೆ ತಪ್ಪಾಗುವುದು ಅಪರೂಪ.

ಎರಡನೆಯದು ಕಣ್ಣು. ಸಿಡುಬಿನಲ್ಲಿ ಕೆಡುವುದು ಕಣ್ಣಿನ ಹೊರಭಾಗ. ರೆಪ್ಪೆಗಳು ಊದಿ ಹಕ್ಕಳೆಯಿಂದ ಅಂಟಿಕೊಂಡಿರುತ್ತವೆ. ಬಿಸಿನೀರಿನಿಂದ ನೆನೆಸಿ ಬಿಡಿಸಿದರೆ ಒಳಗಿನ ಕಣ್ಣುಗುಡ್ಡೆಯು ಸಾಮಾನ್ಯವಾಗಿ ತಿಳಿಯಾಗಿಯೇ ಇರುತ್ತದೆ. ಮಾರೆಕ್ ರೋಗದಲ್ಲಿ ರೆಪ್ಪೆಗಳು ಶುಭ್ರವಾಗಿದ್ದು ಕಣ್ಣಿನ ಒಳಭಾಗವು ಕೆಡುತ್ತದೆ. ಕಪ್ಪು ಪಾಪೆಯ ಸುತ್ತಣ ಕೆಂಪು ಕಿತ್ತಳೆ ಬಣ್ಣದ ಬಳೆಯು ಬೂದಿ ಬಣ್ಣಕ್ಕೆ ತಿರುಗಿ, ಪಾಪೆಯು ತನ್ನ ದುಂಡನೆಯ ಆಕಾರವನ್ನು ಕಳೆದುಕೊಂಡು ಅಂಚು ಹರಿದಂತೆ ಸೊಟ್ಟಗಾಗುತ್ತದೆ. ಇದು ಎಲ್ಲ ಕೋಳಿಗಳಲ್ಲಿಯೂ ಕಾಣುವುದಿಲ್ಲವಾದರೂ, ಕಂಡರೆ ಬಲವಾದ ಗುರುತು.

ಮೂರನೆಯದು ನಡಿಗೆ. ಸಿಡುಬು ಕಾಲು ಬೀಳಿಸುವ ರೋಗವಲ್ಲ. ಸಿಡುಬಿನ ಕೋಳಿಯು ಜ್ವರದಿಂದ ಮುದುರಿ ಕುಳಿತರೂ ಎಬ್ಬಿಸಿದರೆ ಎರಡು ಕಾಲುಗಳ ಮೇಲೂ ಸಮವಾಗಿ ನಿಲ್ಲುತ್ತದೆ. ಮಾರೆಕ್ ರೋಗದಲ್ಲಿ ಮೊದಲು ಒಂದು ಕಾಲು ಕುಂಟಿ, ಬಳಿಕ ಕೋಳಿಯು ಒಂದು ಕಾಲನ್ನು ಮುಂದಕ್ಕೂ ಮತ್ತೊಂದನ್ನು ಹಿಂದಕ್ಕೂ ಚಾಚಿಕೊಂಡು ಮಲಗಿಬಿಡುತ್ತದೆ. ಕೆಲವಕ್ಕೆ ಒಂದು ರೆಕ್ಕೆ ಜೋಲುತ್ತದೆ, ಕೆಲವಕ್ಕೆ ಕತ್ತು ತಿರುಚುತ್ತದೆ. ಮತ್ತೆ ಕೆಲವಕ್ಕೆ ಕತ್ತಿನ ನರವು ಕೆಟ್ಟು, ಕಾಳು ತುಂಬುವ ಚೀಲವು ಖಾಲಿಯಾಗದೆ ಜೋತುಬಿದ್ದು ಉಸಿರು ಭಾರವಾಗುತ್ತದೆ. ಆಗ ಗಂಟಲಿನ ಸಿಡುಬೆಂದು ಭ್ರಮಿಸುವ ಸಂಭವವುಂಟು; ಆದರೆ ಬಾಯಿ ತೆರೆದು ನೋಡಿದರೆ ಪೊರೆಯಿರುವುದಿಲ್ಲ.

ಇಲ್ಲಿ ಎರಡು ಎಚ್ಚರಿಕೆಗಳನ್ನು ಹೇಳಬೇಕು. ಕಾಲು ಬಿದ್ದುದೆಲ್ಲವೂ ಮಾರೆಕ್ ಅಲ್ಲ. ಎಲ್ಲ ವಯಸ್ಸಿನ ಕೋಳಿಗಳೂ ಒಟ್ಟಿಗೆ ಹಸುರು ಬೇಧಿ ಮಾಡಿಕೊಂಡು, ಏದುಸಿರು ಬಿಟ್ಟು, ಕೆಲವೇ ದಿನಗಳಲ್ಲಿ ಅನೇಕವು ಸತ್ತರೆ ಅದು ಕೊಕ್ಕರೆ ರೋಗವೇ ಇರಬಹುದು. ಕೂಡಲೆ ಪಶುವೈದ್ಯಶಾಲೆಗೆ ತಿಳಿಸತಕ್ಕದ್ದು. ಎರಡನೆಯದಾಗಿ, ಒಂದೇ ಕೋಳಿಗೆ ಸಿಡುಬೂ ಮಾರೆಕ್ ರೋಗವೂ ಜೊತೆಯಾಗಿಯೇ ಇರಬಹುದು. ಮಾರೆಕ್ ವೈರಸ್ಸು ಕೋಳಿಯ ರೋಗನಿರೋಧ ಶಕ್ತಿಯನ್ನು ಕುಗ್ಗಿಸುವುದರಿಂದ ಇತರ ಬೇನೆಗಳು ಅದರ ಮೇಲೆ ಸುಲಭವಾಗಿ ಎರಗುತ್ತವೆ. 'ಅಮ್ಮನು ಕಾಲಿಗೆ ಇಳಿದಳು' ಎಂಬ ಮಾತು ಹುಟ್ಟಿಕೊಂಡುದು ಬಹುಶಃ ಇಂತಹ ಕೋಳಿಗಳನ್ನು ಕಂಡೇ ಇರಬೇಕು.

ಕೊಯ್ದು ನೋಡುವುದು

ಸಂದೇಹವು ಉಳಿದಲ್ಲಿ ಕಾಲು ಬಿದ್ದ ಒಂದು ಕೋಳಿಯನ್ನು ಕೊಯ್ದು ನೋಡುವುದೇ ನಿರ್ಣಾಯಕ. ಇದಕ್ಕೆ ಹರಿತವಾದ ಒಂದು ಚೂರಿಯು ಸಾಕು. ಕೋಳಿಯನ್ನು ಅಂಗಾತ ಮಲಗಿಸಿ ತೊಡೆಯ ಒಳಮಗ್ಗುಲ ಚರ್ಮವನ್ನು ಸುಲಿದು ಮಾಂಸಖಂಡವನ್ನು ಮೆಲ್ಲಗೆ ಸರಿಸಿದರೆ, ಸೊಂಟದಿಂದ ಮೊಣಕಾಲಿನ ಕಡೆಗೆ ಇಳಿಯುವ ದೊಡ್ಡ ನರವು ಬಿಳಿಯ ದಾರದಂತೆ ಕಾಣುತ್ತದೆ. ಎರಡು ತೊಡೆಗಳ ನರಗಳನ್ನೂ ಹೀಗೆ ಬಿಡಿಸಿ ಒಂದಕ್ಕೊಂದು ಹೋಲಿಸಬೇಕು. ಆರೋಗ್ಯವಾದ ನರವು ಹೊಳೆಯುವ ಬಿಳಿಯ ಬಣ್ಣದ್ದಾಗಿದ್ದು, ಅದರ ಮೇಲೆ ಅಡ್ಡಲಾಗಿ ನವಿರಾದ ಗೆರೆಗಳಿರುತ್ತವೆ. ಕೆಟ್ಟ ನರದಲ್ಲಿ ಆ ಗೆರೆಗಳು ಅಳಿಸಿಹೋಗಿ, ಬಣ್ಣವು ಬೂದಿ ಅಥವಾ ಹಳದಿಯಾಗಿ, ಗಾತ್ರವು ಎರಡರಷ್ಟು ಮೂರರಷ್ಟು ದಪ್ಪನಾಗಿರುತ್ತದೆ. ಅನೇಕ ವೇಳೆ ಒಂದು ಮಗ್ಗುಲಿನ ನರವು ಮಾತ್ರ ಕೆಟ್ಟಿರುವುದರಿಂದಲೇ ಎರಡನ್ನೂ ಹೋಲಿಸಬೇಕೆಂದು ಹೇಳಿದ್ದು.

ಬಳಿಕ ಹೊಟ್ಟೆಯನ್ನು ತೆರೆದು ಈಲಿಯನ್ನು ನೋಡಬೇಕು. ಮಾರೆಕ್ ರೋಗದಲ್ಲಿ ಅದು ಬಹಳ ದೊಡ್ಡದಾಗಿ, ಬಿಳಿ ಬೂದಿ ಬಣ್ಣದ ಮಚ್ಚೆಗಳಿಂದ ಅಥವಾ ಗಂಟುಗಳಿಂದ ಕೂಡಿರಬಹುದು. ಆದರೆ ಈಲಿಯ ಗಂಟೊಂದನ್ನೇ ನಂಬಿ ತೀರ್ಮಾನಿಸಕೂಡದು. ವಯಸ್ಸಾದ ಹೇಂಟೆಗಳಲ್ಲಿ ಕ್ಷಯದಿಂದಲೂ ಬೇರೆ ಜಾತಿಯ ವೈರಸ್ಸಿನಿಂದಲೂ ಈಲಿಯಲ್ಲಿ ಗಂಟುಗಳೇಳುತ್ತವೆ. ಎಳೆಯ ಕೋಳಿ, ಕಾಲು ಬಿದ್ದದ್ದು, ನರ ದಪ್ಪನಾದದ್ದು, ಈ ಮೂರೂ ಕೂಡಿದರೆ ಮಾರೆಕ್ ರೋಗವೆಂದು ಹೇಳಬಹುದು. ಕೊಯ್ಯಲು ಮನಸ್ಸಿಲ್ಲದವರು ಆಗತಾನೆ ಸತ್ತ ಕೋಳಿಯನ್ನು ಚೀಲದಲ್ಲಿ ಕಟ್ಟಿ ಅದೇ ದಿನ ಪಶುವೈದ್ಯಶಾಲೆಗೆ ತಲಪಿಸಬಹುದು. ಕೊಳೆತ ಮೇಲೆ ನರವು ಏನನ್ನೂ ಹೇಳಲಾರದು.

ಒಂದು ಗೂಡಿನ ಲೆಕ್ಕ

ಮೇಲಿನ ಸಂಗತಿಗಳು ಕಾರ್ಯದಲ್ಲಿ ಹೇಗೆ ಬರುತ್ತವೆಂಬುದನ್ನು ತೋರಿಸಲು ಒಂದು ಗೂಡನ್ನು ಕಲ್ಪಿಸಿಕೊಳ್ಳಬಹುದು. ಕಾರ್ತಿಕ ಮಾಸದ ಒಂದು ದಿನ. ಒಕ್ಕಲುಮನೆಯೊಂದರಲ್ಲಿ 1 ಹುಂಜ, 3 ಹೇಂಟೆ, ನಾಲ್ಕೈದು ತಿಂಗಳ 9 ಎಳೆಯ ಕೋಳಿ, ಮೂರು ವಾರದ 11 ಮರಿ, ಒಟ್ಟು 24 ಇವೆ. ಹದಿನೈದು ದಿನಗಳ ಹಿಂದೆ ಒಂದು ಎಳೆಯ ಕೋಳಿಯು ಕಾಲು ಬಿದ್ದು ಸತ್ತಿದೆ. ಈಗ ಎಳೆಯವುಗಳಲ್ಲಿ 2 ಕುಂಟುತ್ತಿವೆ. ಆ ಎರಡರಲ್ಲಿ ಒಂದಕ್ಕೆ ಜುಟ್ಟಿನ ಮೇಲೆ ಹಕ್ಕಳೆಗಳೂ ಇವೆ. ಕುಂಟದ ಇನ್ನೊಂದು ಎಳೆಯ ಕೋಳಿಗೂ, ಮರಿಗಳಿಲ್ಲದ ಒಂದು ಹೇಂಟೆಗೂ ಹಕ್ಕಳೆಗಳೆದ್ದಿವೆ. 'ಎಲ್ಲಾ ಒಂದೇ ಕಣಮ್ಮ, ಅಮ್ಮ ಬಂದವಳೆ. ಸೋಮವಾರದ ಸಂತೆಗೆ ಕಳಿಸಿಬಿಡು' ಎಂದು ಅತ್ತೆಯು ಸೊಸೆಗೆ ಹೇಳುತ್ತಾಳೆ.

ಸೊಸೆಯು ಹಾಗೆ ಮಾಡದೆ ಮೊದಲು ಹಕ್ಕಳೆಯಿಲ್ಲದೆ ಕುಂಟುವ ಕೋಳಿಯನ್ನು ಕೊಯ್ಯಿಸಿ ನೋಡುತ್ತಾಳೆ. ಎಡ ತೊಡೆಯ ನರವು ಬಿಳಿಯ ದಾರದಂತಿದೆ. ಬಲ ತೊಡೆಯದು ಅದರ ಎರಡರಷ್ಟು ದಪ್ಪನಾಗಿ, ಗೆರೆಗಳಿಲ್ಲದೆ ಹಳದಿಯಾಗಿದೆ. ಇದು ಮಾರೆಕ್. ಹಾಗಾದರೆ ಹಕ್ಕಳೆಯೂ ಕುಂಟೂ ಇರುವ ಕೋಳಿಗೆ ಎರಡು ರೋಗಗಳೂ ಇವೆಯೆಂದು ತಿಳಿಯಬೇಕು. ಅದರ ಹಕ್ಕಳೆಯು ಗುಣವಾದರೂ ಕಾಲು ಏಳುವುದಿಲ್ಲವಾದ ಕಾರಣ ಅದನ್ನೂ ಕೊಂದು, ಎರಡನ್ನೂ ಗರಿಸಹಿತವಾಗಿ ಹಿತ್ತಲಿನಿಂದ ದೂರದಲ್ಲಿ ಆಳವಾಗಿ ಹೂಳಬೇಕು. ಗರಿಗಳನ್ನು ಅಂಗಳದಲ್ಲಿ ಕಿತ್ತು ಬಿಡುವುದು ರೋಗವನ್ನು ಬಿತ್ತಿದಂತೆಯೇ ಸರಿ.

ಹಕ್ಕಳೆಯು ಮಾತ್ರ ಇರುವ 2 ಕೋಳಿಗಳನ್ನು ಸೊಳ್ಳೆಪರದೆ ಹೊದಿಸಿದ ಬೇರೆ ಕುಕ್ಕೆಯ ಕೆಳಗೆ ಇರಿಸತಕ್ಕದ್ದು. ಇವು ಉಳಿಯುವ ಕೋಳಿಗಳು. ಉಗುರುಬೆಚ್ಚನೆಯ ಉಪ್ಪುನೀರಿನಿಂದ ದಿನಕ್ಕೆರಡು ಸಲ ರೆಪ್ಪೆಗಳನ್ನು ನೆನೆಸಿ ಕಣ್ಣು ತೆರೆದಿರುವಂತೆ ನೋಡಿಕೊಳ್ಳಬೇಕು. ಕಣ್ಣು ಮುಚ್ಚಿದ್ದರೆ ನೆನೆಸಿದ ಹಿಟ್ಟನ್ನೂ ನೀರನ್ನೂ ಕೈಯಾರೆ ಕೊಡಬೇಕು. ಬೇವು ಅರಿಸಿನಗಳನ್ನು ಹಚ್ಚುವುದಕ್ಕೆ ಆಕ್ಷೇಪಣೆಯಿಲ್ಲ. ಆದರೆ ಅವು ವೈರಸ್ಸನ್ನು ಕೊಲ್ಲುವ ಮದ್ದುಗಳಲ್ಲ. ಹಕ್ಕಳೆಗಳನ್ನು ಬಲವಂತವಾಗಿ ಕೀಳಕೂಡದು. ತಾವಾಗಿ ಉದುರಿದವನ್ನು ಗುಡಿಸಿ ಸುಡಬೇಕು.

ಮಿಕ್ಕವು 1 ಹುಂಜ, 2 ಹೇಂಟೆ, 6 ಎಳೆಯ ಕೋಳಿ, ಒಟ್ಟು 9. ಗೂಡಿನಲ್ಲಿ ಸಿಡುಬು ಕಂಡದ್ದು 24ರಲ್ಲಿ 3ಕ್ಕೆ ಮಾತ್ರ. ಹೀಗೆ ರೋಗವು ಕೆಲವಕ್ಕೆ ಮಾತ್ರ ಹಿಡಿದಿರುವಾಗಲೇ, ಗುಳ್ಳೆಯಿಲ್ಲದ ಕೋಳಿಗಳಿಗೆಲ್ಲ ಸಿಡುಬಿನ ಚುಚ್ಚುಮದ್ದನ್ನು ಹಾಕಿಸಿದರೆ ಅವುಗಳಲ್ಲಿ ಬಹು ಭಾಗವನ್ನು ಉಳಿಸಿಕೊಳ್ಳಬಹುದು. ಅರ್ಧ ಗೂಡಿಗೆ ಗುಳ್ಳೆಯೆದ್ದ ಮೇಲೆ ಹಾಕಿಸಿದರೆ ಪ್ರಯೋಜನವು ಕಡಮೆ. 11 ಮರಿಗಳು ಚುಚ್ಚುಮದ್ದಿಗೆ ಎಳೆಯವಾದುದರಿಂದ, ಅವುಗಳನ್ನು ತಾಯಿಯೊಡನೆ ಮನೆಯ ಮತ್ತೊಂದು ಮಗ್ಗುಲಿಗೆ ಸಾಗಿಸಿ, ಆರು ವಾರ ತುಂಬಿದ ಮೇಲೆ ಹಾಕಿಸಬೇಕು.

ಎಂಟನೆಯ ದಿನ ರೆಕ್ಕೆಗಳನ್ನು ಬಿಡಿಸಿ ನೋಡಲಾಗಿ 9ರಲ್ಲಿ 8ಕ್ಕೆ ಚುಚ್ಚಿದ ಕಡೆ ಸಣ್ಣ ಬಾವೂ ಹಕ್ಕಳೆಯೂ ಇವೆ, 1ಕ್ಕೆ ಇಲ್ಲ. ಆ ಒಂದಕ್ಕೆ ಮದ್ದು ಹಿಡಿಯಲಿಲ್ಲವಾದುದರಿಂದ ಮತ್ತೆ ಹಾಕಿಸಬೇಕು. ಒಂದು ತಿಂಗಳು ಕಳೆದ ಮೇಲೆ ಚುಚ್ಚಿಸಿಕೊಂಡ ಎಳೆಯ ಕೋಳಿಗಳಲ್ಲಿ ಒಂದು ಕುಂಟಲಾರಂಭಿಸಿತೆಂದು ಇಟ್ಟುಕೊಳ್ಳಿ. ಆಗ ಮನೆಯವರು ಚುಚ್ಚುಮದ್ದನ್ನು ಬಯ್ಯುವುದು ಸಹಜ. ಆದರೆ ಆ ಕೋಳಿಗೆ ಮಾರೆಕ್ ವೈರಸ್ಸು ಸೇರಿದ್ದು ಅದು ಮರಿಯಾಗಿದ್ದಾಗ. ಸಿಡುಬಿನ ಮದ್ದು ಅದನ್ನು ತಡೆಯುವುದೂ ಇಲ್ಲ, ತರುವುದೂ ಇಲ್ಲ. ಎರಡು ರೋಗಗಳನ್ನು ಬೇರೆಬೇರೆಯಾಗಿ ತಿಳಿದ ಮನೆಯಲ್ಲಿ ಮಾತ್ರ ಮುಂದಿನ ವರ್ಷವೂ ಚುಚ್ಚುಮದ್ದಿಗೆ ಬಾಗಿಲು ತೆರೆದಿರುತ್ತದೆ.

ಸಿಡುಬಿಗೆ ಸೂಜಿ

ಸಿಡುಬಿನ ಮದ್ದು ಜೀವವಿರುವ ವೈರಸ್ಸಿನಿಂದಲೇ ತಯಾರಾದುದು. ಒಣಪುಡಿಯ ರೂಪದಲ್ಲಿ ಸಣ್ಣ ಸೀಸೆಯಲ್ಲಿ ಬರುತ್ತದೆ. ಅದನ್ನು ಮಂಜುಗಡ್ಡೆಯಲ್ಲಿಟ್ಟು ಹಳ್ಳಿಗೆ ತರಬೇಕು. ಜೊತೆಯಲ್ಲಿ ಕೊಟ್ಟ ನೀರಿನಲ್ಲಿ ಕಲಸಿದ ಮೇಲೆ ಸುಮಾರು 2 ಗಂಟೆಗಳೊಳಗೆ ಮುಗಿಸಬೇಕು. ಎರಡು ಮೊನೆಗಳ ಸೂಜಿಯನ್ನು ಮದ್ದಿನಲ್ಲಿ ಅದ್ದಿ, ರೆಕ್ಕೆಯನ್ನು ಬಿಡಿಸಿದಾಗ ಮುಂಭಾಗದಲ್ಲಿ ಕಾಣುವ ತೆಳುವಾದ ಚರ್ಮದ ಪೊರೆಗೆ ಕೆಳಗಿನಿಂದ ಮೇಲಕ್ಕೆ ತೂರುವಂತೆ ಚುಚ್ಚತಕ್ಕದ್ದು. ಗರಿಗೂ ರಕ್ತನಾಳಕ್ಕೂ ಮೂಳೆಗೂ ತಗಲಬಾರದು. ಗರಿಗೆ ಒರಸಿಹೋದ ಮದ್ದು ಹಿಡಿಯುವುದಿಲ್ಲ. ಕೋಳಿಯು ಆ ಗರಿಯನ್ನು ಕೊಕ್ಕಿನಿಂದ ತೀಡಿದಾಗ ಬಾಯಿಗೆ ರೋಗವು ಅಂಟುವ ಭಯವೂ ಉಂಟು. ಏಳರಿಂದ ಹತ್ತು ದಿನಗಳೊಳಗೆ ಬಾವನ್ನು ನೋಡುವವರೆಗೆ ಕೆಲಸವು ಮುಗಿಯಿತೆಂದು ತಿಳಿಯಕೂಡದು. ಉಳಿದ ಮದ್ದನ್ನೂ ಸೀಸೆಯನ್ನೂ ಕುದಿಸಿ ಹೂಳಬೇಕೇ ಹೊರತು ಅಂಗಳಕ್ಕೆ ಚೆಲ್ಲಬಾರದು.

ನಾಟಿ ಕೋಳಿಯ ಮನೆಗಳಲ್ಲಿ ಈ ಮದ್ದು ಬಳಕೆಗೆ ಬಾರದಿರುವುದಕ್ಕೆ ಮುಖ್ಯ ಕಾರಣವು ಬೆಲೆಯಲ್ಲ, ಸೀಸೆಯ ಅಳತೆ. ಒಂದು ಸೀಸೆಯು 100 ಅಥವಾ ಅದಕ್ಕೂ ಹೆಚ್ಚು ಕೋಳಿಗಳಿಗೆ ಆಗುತ್ತದೆ; ಒಂದು ಮನೆಯಲ್ಲಿರುವುದು ಹತ್ತು ಹದಿನೈದು. ಕಲಸಿದ ಮದ್ದು ನಾಳೆಗೆ ಉಳಿಯುವುದಿಲ್ಲ. ಆದುದರಿಂದ ಮನೆಮನೆಗೆ ಬೇರೆಬೇರೆಯಾಗಿ ಹೇಳುವುದನ್ನು ಬಿಟ್ಟು, ಒಂದು ಬೀದಿಯ ಹತ್ತು ಮನೆಗಳು ಒಂದು ದಿನವನ್ನು ಗೊತ್ತುಮಾಡಿಕೊಳ್ಳುವಂತೆ ಏರ್ಪಡಿಸುವುದೇ ಇಲಾಖೆಯ ಕಾರ್ಯಕರ್ತರು ಹಿಡಿಯಬೇಕಾದ ಮಾರ್ಗ. ಹಗಲಿನಲ್ಲಿ ನಾಟಿ ಕೋಳಿಯನ್ನು ಹಿಡಿಯುವುದು ಕಷ್ಟ. ಬೆಳಗಿನ ಜಾವ ಗೂಡಿನ ಬಾಗಿಲು ತೆಗೆಯುವ ಮುಂಚೆ ಬಂದರೆ ಒಂದೊಂದಾಗಿ ಹೊರಗೆ ತೆಗೆದು ಚುಚ್ಚಿ ಬಿಡಬಹುದು. ಬಿಸಿಲೇರುವ ಮೊದಲೇ ಮದ್ದೂ ಮುಗಿಯುತ್ತದೆ. ಕಾಲವಾದರೋ ಮುಂಗಾರಿಗೆ ಮುಂಚಿನ ಏಪ್ರಿಲ್ ಮತ್ತು ಮೇ ತಿಂಗಳುಗಳು. ಆಗ ಆರು ವಾರ ತುಂಬದ ಮರಿಗಳಿಗೂ ಆ ಬಳಿಕ ಹುಟ್ಟಿದವಕ್ಕೂ ಮಳೆಗಾಲದ ನಡುವೆ ಮತ್ತೊಂದು ದಿನ ಬೇಕಾಗುತ್ತದೆ.

ಮಾರೆಕ್ ರೋಗಕ್ಕೆ ದೂರ

ಮಾರೆಕ್ ರೋಗಕ್ಕೂ ಚುಚ್ಚುಮದ್ದು ಉಂಟು. 1970ರ ಸುಮಾರಿನಿಂದ ಬಳಕೆಗೆ ಬಂದ ಈ ಮದ್ದು ದೊಡ್ಡ ಕೋಳಿಸಾಕಣೆಗಳನ್ನು ಬದುಕಿಸಿದೆಯೆಂಬುದರಲ್ಲಿ ಸಂದೇಹವಿಲ್ಲ. ಹಾಗಾದರೆ ನಾಟಿ ಕೋಳಿಗೂ ಅದನ್ನೇ ಏಕೆ ಹಾಕಿಸಬಾರದೆಂದು ಕೇಳಬಹುದು. ಉತ್ತರವು ಹೀಗೆ. ಈ ಮದ್ದನ್ನು ಮರಿಯು ಹೊರಬಂದ ದಿನವೇ, ಅದು ರೋಗದ ಧೂಳನ್ನು ಮುಟ್ಟುವ ಮುಂಚೆ ಹಾಕಬೇಕು. ಹಾಕಿದ ಮೇಲೂ ರಕ್ಷಣೆಯು ಬಲಿಯಲು ಸುಮಾರು ಒಂದು ವಾರ ಬೇಕು. ಮರಿಮಾಡುವ ಯಂತ್ರದಿಂದ ಹೊರಬಂದ ಮರಿಗೆ ತಾಯಿಯಿಲ್ಲವಾದ ಕಾರಣ ಆ ವಾರವನ್ನು ಶುಭ್ರವಾದ ಕೋಣೆಯಲ್ಲಿ ಕಳೆಯಬಹುದು. ಹೇಂಟೆಯ ಕಾವಿನಲ್ಲಿ ಹುಟ್ಟಿದ ಮರಿಯು ಕಣ್ಣು ಬಿಡುವುದೇ ತಾಯಿಯ ಗರಿಗಳ ನಡುವೆ. ತಾಯಿಯ ಮೈಯಲ್ಲಿ ವೈರಸ್ಸಿದ್ದರೆ ಮರಿಯು ಮೊದಲ ದಿನವೇ ಅದನ್ನು ಉಸಿರಾಡುತ್ತದೆ. ಅಲ್ಲದೆ ಈ ಮದ್ದಿನ ಒಂದು ಬಗೆಯನ್ನು ದ್ರವರೂಪದ ನೈಟ್ರೋಜನ್ನಿನಲ್ಲಿ ಮುಳುಗಿಸಿಡಬೇಕು. ಮತ್ತೊಂದು ಬಗೆಯು ಒಣಪುಡಿಯಾದರೂ ಕಲಸಿದ ಮೇಲೆ ಬಹಳ ಹೊತ್ತು ಉಳಿಯುವುದಿಲ್ಲ. ಹನ್ನೊಂದು ಮರಿಗಳಿಗಾಗಿ ನೂರಾರು ಮರಿಗಳ ಸೀಸೆಯನ್ನು, ಅದೂ ಕಾವು ಮುಗಿಯುವ ಆ ಒಂದು ದಿನಕ್ಕೆ ಸರಿಯಾಗಿ, ಹಳ್ಳಿಗೆ ತರುವುದು ನಡೆಯುವ ಮಾತಲ್ಲ. ಕುಂಟುವ ಕೋಳಿಗೋ ತಿಂಗಳ ಮರಿಗೋ ಈ ಮದ್ದನ್ನು ಹಾಕಿಸುವುದಂತೂ ಹಣವನ್ನು ನೀರಿಗೆ ಹಾಕಿದಂತೆ.

ಆದುದರಿಂದ ಮನೆಯ ಕಾವಿನಲ್ಲಿ ಹುಟ್ಟುವ ಮರಿಗಳನ್ನು ಧೂಳಿನಿಂದ ದೂರವಿರಿಸುವುದೇ ಉಳಿದಿರುವ ಉಪಾಯ. ತಾಯಿಯ ಧೂಳನ್ನು ಪೂರ್ಣವಾಗಿ ತಪ್ಪಿಸಲಾಗದು. ಆದರೆ ಇಡೀ ಗೂಡಿನ ಧೂಳನ್ನು ತಪ್ಪಿಸಬಹುದು. ಉಸಿರಿಗೆ ಸೇರುವ ವೈರಸ್ಸಿನ ಪ್ರಮಾಣವು ಕಡಮೆಯಾದಷ್ಟೂ, ಅದು ಸೇರುವ ವಯಸ್ಸು ಮುಂದಕ್ಕೆ ಹೋದಷ್ಟೂ ಕಾಲು ಬೀಳುವ ಕೋಳಿಗಳು ಕಡಮೆಯಾಗುತ್ತವೆ. ಕಾವಿಗೆ ಕೂರಿಸುವ ಕುಕ್ಕೆಯನ್ನು ಗೂಡಿನೊಳಗೆ ಇಡದೆ ಬೇರೆ ಕಡೆ ಇಡಬೇಕು. ಪ್ರತಿ ಕಾವಿಗೂ ಹೊಸ ಹುಲ್ಲನ್ನು ಹಾಸಿ, ಹಳೆಯದನ್ನು ಸುಡಬೇಕು. ಮರಿಗಳೂ ತಾಯಿಯೂ ಮೊದಲ ಎಂಟು ವಾರಗಳ ರಾತ್ರಿಗಳನ್ನು ದೊಡ್ಡ ಕೋಳಿಗಳ ಗೂಡಿನಲ್ಲಿ ಕಳೆಯಬಾರದು. ಹಗಲು ಬಯಲಿನಲ್ಲಿ ಮೇಯುವಾಗ ಧೂಳು ಚದುರಿಹೋಗುತ್ತದೆ. ಮುಚ್ಚಿದ ಗೂಡಿನೊಳಗಿನ ರಾತ್ರಿಯೇ ಅಪಾಯದ ಕಾಲ. ಗೂಡನ್ನು ವಾರಕ್ಕೊಮ್ಮೆ ನೀರು ಚಿಮುಕಿಸಿ ಗುಡಿಸಿ, ಕಸವನ್ನು ಸುಟ್ಟು, ಗೋಡೆಗೆ ಸುಣ್ಣ ಬಳಿಯಬೇಕು. ಒಣಗಿದಾಗ ಗುಡಿಸಿದರೆ ಧೂಳೆದ್ದು ಕೆಡುಕೇ ಹೆಚ್ಚಾಗುತ್ತದೆ.

ರೋಗವು ಮೊಟ್ಟೆಯಲ್ಲಿ ಬರುವುದಿಲ್ಲವೆಂದು ಹಿಂದೆ ಹೇಳಿದ್ದುದರ ಪ್ರಯೋಜನವು ಇಲ್ಲಿದೆ. ಕಾಲು ಬೀಳುವ ಗೂಡಿನ ಮೊಟ್ಟೆಯನ್ನೇ ಆರೋಗ್ಯವಾದ ಗೂಡಿನ ಹೇಂಟೆಯ ಕೆಳಗಿಟ್ಟರೆ ಮರಿಗಳು ರೋಗವಿಲ್ಲದೆ ಹುಟ್ಟುತ್ತವೆ. ಒಳ್ಳೆಯ ತಳಿಯನ್ನು ಕಳೆದುಕೊಳ್ಳಬೇಕಾಗಿಲ್ಲ. ಆದರೆ ರೋಗವನ್ನು ತಡೆದುಕೊಳ್ಳುವ ಶಕ್ತಿಯು ಮಾತ್ರ ವಂಶದಿಂದ ಬರುತ್ತದೆ. ಒಂದು ಹೇಂಟೆಯ ಮರಿಗಳಲ್ಲಿ ಪ್ರತಿ ಸಲವೂ ಎರಡು ಮೂರಕ್ಕೆ ಕಾಲು ಬೀಳುತ್ತಿದ್ದರೆ ಅದರ ಮೊಟ್ಟೆಯನ್ನು ತಿನ್ನಲು ಉಪಯೋಗಿಸಿ, ಅದೇ ಗೂಡಿನಲ್ಲಿ ಮರಿಗಳನ್ನು ಉಳಿಸಿಕೊಂಡ ಹೇಂಟೆಯ ಮೊಟ್ಟೆಯನ್ನು ಕಾವಿಗಿಡತಕ್ಕದ್ದು.

ಗಿರಿರಾಜ ಮೊದಲಾದ ಸುಧಾರಿಸಿದ ತಳಿಯ ಮರಿಗಳನ್ನು ಕೊಳ್ಳುವವರು, ಮೊದಲ ದಿನವೇ ಮಾರೆಕ್ ಮದ್ದು ಹಾಕಿದೆಯೇ ಎಂದು ಕೇಳಿ ತಿಳಿದುಕೊಂಡೇ ಕೊಳ್ಳಬೇಕು. ಇಲ್ಲೊಂದು ಸೂಕ್ಷ್ಮವುಂಟು. ಈ ಮದ್ದು ಕಾಲು ಬೀಳುವುದನ್ನೂ ಗಂಟೇಳುವುದನ್ನೂ ತಡೆಯುತ್ತದೆಯೇ ಹೊರತು ವೈರಸ್ಸು ಮೈಸೇರುವುದನ್ನೂ ಉದುರುವುದನ್ನೂ ಪೂರ್ತಿಯಾಗಿ ತಡೆಯುವುದಿಲ್ಲ. ಮದ್ದು ಹಾಕಿದ ಆರೋಗ್ಯವಾದ ಕೋಳಿಯೂ ಮದ್ದಿಲ್ಲದ ನಾಟಿ ಮರಿಗೆ ರೋಗವನ್ನು ತರಬಹುದು. ಹೊಸ ಕೋಳಿಗಳನ್ನು ಮನೆಯ ಮರಿಗಳೊಡನೆ ಒಂದೇ ಗೂಡಿನಲ್ಲಿ ಕೂಡಬಾರದೆಂಬುದಕ್ಕೆ ಇದೇ ಕಾರಣ.

ಸಂತೆಯ ಮಾತು

ಕಡೆಯದಾಗಿ ಅತ್ತೆಯು ಹೇಳಿದ ಸಂತೆಯ ವಿಷಯ. ಸಿಡುಬು ತಗಲಿದ ಗೂಡನ್ನು ಸಂತೆಗೆ ಹೊರಿಸುವುದು ಮನೆಗೂ ನಷ್ಟ, ಊರಿಗೂ ನಷ್ಟ. ಮೂರು ನಾಲ್ಕು ವಾರಗಳಲ್ಲಿ ಗುಣವಾಗಿ, ಮತ್ತೆ ಆ ರೋಗಕ್ಕೆ ಸುಲಭವಾಗಿ ಸಿಕ್ಕದ ಹೇಂಟೆಯನ್ನು ಅರ್ಧ ಬೆಲೆಗೆ ಮಾರಿ, ಅದೇ ಸಂತೆಯಿಂದ ರೋಗವೇ ಕಾಣದ ಎಳೆಯ ಕೋಳಿಯನ್ನು ಪೂರ್ಣ ಬೆಲೆಗೆ ತಂದು, ಹಕ್ಕಳೆಗಳು ಬಿದ್ದಿರುವ ಗೂಡಿನಲ್ಲಿ ಕೂಡುವುದನ್ನು ವ್ಯಾಪಾರವೆಂದು ಕರೆಯಲಾಗದು. ಮಾರಿದ ಕೋಳಿಯೊಡನೆ ಹೋದ ಹಕ್ಕಳೆಯು ಹತ್ತು ಹಳ್ಳಿಗಳ ಸೊಳ್ಳೆಗಳಿಗೆ ಸಿಕ್ಕುತ್ತದೆ. ಜುಟ್ಟಿನಲ್ಲಿ ಹಕ್ಕಳೆಯಿರುವ ಕೋಳಿಯನ್ನು ಸಂತೆಗೆ ಬಿಡಬಾರದೆಂದು ಗ್ರಾಮ ಪಂಚಾಯತಿಗಳು ಗೊತ್ತುಮಾಡಿದರೆ ಅದರಿಂದ ಯಾರ ಹೊಟ್ಟೆಯ ಮೇಲೂ ಹೊಡೆದಂತಾಗುವುದಿಲ್ಲ. ಮಾರುವವರು ಕಾಯಬೇಕಾದುದು ಒಂದು ತಿಂಗಳು ಮಾತ್ರ. ಕಾಲು ಬಿದ್ದ ಕೋಳಿಯಾದರೋ ಕಾದರೂ ಏಳುವುದಿಲ್ಲ; ಅದರ ಸ್ಥಾನವು ಸಂತೆಯಲ್ಲ, ಹಿತ್ತಲಿನಾಚೆಯ ಗುಂಡಿ. ಗುಳ್ಳೆಯ ಕೋಳಿಯನ್ನು ಉಳಿಸಿಕೊಂಡು ಕಾಲು ಬಿದ್ದ ಕೋಳಿಯನ್ನು ಬಿಟ್ಟುಕೊಡಬೇಕಾದಲ್ಲಿ, ಈಗ ಎರಡನ್ನೂ ಒಂದೇ ಕುಕ್ಕೆಯಲ್ಲಿ ಕಟ್ಟಿ ಮಾರುತ್ತಿರುವುದೇ ಈ ಎರಡು ರೋಗಗಳ ನಷ್ಟದಲ್ಲಿ ತಪ್ಪಿಸಬಹುದಾದ ಭಾಗ.